ನಾಲ್ಕು ಕಿಲೋಮೀಟರಿನ ಓಡಾಟಕ್ಕೆ ಯಾವ ಕಾರು?

ಹೊಸ ಕಾರು ನೋಡಲು ಶೋರೂಮಿಗೆ ಹೋದವರಿಗೆ ಸಿಗುವ ಲೆಕ್ಕ ಸಾಮಾನ್ಯವಾಗಿ ಒಂದೇ ಬಗೆಯದು. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ, ಡೀಸೆಲ್ ಹತ್ತು ಹನ್ನೆರಡು ರೂಪಾಯಿ ಕಡಿಮೆ, ಸಿಎನ್‌ಜಿ ಅದಕ್ಕಿಂತಲೂ ಅಗ್ಗ, ಮೈಲೇಜೂ ಹೆಚ್ಚು. "ಸಿಎನ್‌ಜಿ ತಗೊಳ್ಳಿ ಸಾರ್, ಪೆಟ್ರೋಲ್ ಖರ್ಚಲ್ಲಿ ಹತ್ತಿರಹತ್ತಿರ ಅರ್ಧ ಉಳಿಯುತ್ತೆ" ಎಂದು ಮಾರಾಟಗಾರ ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡಿಸುವವರು ಆ ಮಾತನ್ನು ನಂಬಿ ಕಾರು ಕೊಂಡರೆ ನಷ್ಟವಿಲ್ಲ.

ಆದರೆ ನಗರದಲ್ಲಿ ಕಾರು ಇಟ್ಟುಕೊಂಡಿರುವ ಬಹಳ ಮಂದಿ ಹಾಗೆ ಓಡಿಸುವುದಿಲ್ಲ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವುದು, ಅಲ್ಲಿಂದ ಕಚೇರಿಗೆ, ಸಂಜೆ ವಾಪಸು, ನಡುವೆ ತರಕಾರಿಗೋ ಆಸ್ಪತ್ರೆಗೋ ಒಂದು ಸುತ್ತು. ಒಂದೊಂದು ಓಡಾಟವೂ ಮೂರು, ನಾಲ್ಕು, ಹೆಚ್ಚೆಂದರೆ ಐದು ಕಿಲೋಮೀಟರ್. ಪ್ರತಿಸಲವೂ ಎಂಜಿನ್ ತಣ್ಣಗಿದ್ದಾಗಲೇ ಹೊರಡುತ್ತಾರೆ, ಅದು ಸರಿಯಾಗಿ ಬಿಸಿಯಾಗುವ ಮುಂಚೆ ಆಫ್ ಮಾಡುತ್ತಾರೆ. ಇಂಥವರು ಯಾವ ಇಂಧನದ ಕಾರು ಕೊಳ್ಳಬೇಕು ಎಂಬುದನ್ನು ತೀರ್ಮಾನಿಸಲು ಲೀಟರಿನ ದರ ಸಾಲದು. ಸ್ಟಾರ್ಟ್ ಮಾಡಿದ ಮೊದಲ ಹತ್ತು ನಿಮಿಷದಲ್ಲಿ ಎಂಜಿನ್ ಒಳಗೆ ಏನು ನಡೆಯುತ್ತದೆ, ವರ್ಷಕ್ಕೆ ಒಟ್ಟು ಎಷ್ಟು ಕಿಲೋಮೀಟರ್ ಆಗುತ್ತದೆ, ಈ ಎರಡನ್ನೂ ನೋಡಬೇಕು.

ಮೊದಲ ಹತ್ತು ನಿಮಿಷ

ಎಂಜಿನ್ ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಕೆಲಸ ಮಾಡುವುದು ಅದರೊಳಗಿನ ಕೂಲೆಂಟ್ ಸುಮಾರು ಎಂಬತ್ತು ತೊಂಬತ್ತು ಡಿಗ್ರಿ ಮುಟ್ಟಿದ ಮೇಲೆ. ಕೂಲೆಂಟ್ ಬಿಸಿಯಾದರೂ ಎಂಜಿನ್ ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ಕೆಲವು ಕಾರುಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಥರ್ಮಾಮೀಟರ್ ಚಿತ್ರದ ನೀಲಿ ದೀಪವೊಂದು ಹೊತ್ತಿಕೊಳ್ಳುತ್ತದೆ, ಸ್ವಲ್ಪ ದೂರ ಹೋದಮೇಲೆ ಆರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಅದು ಹೇಳುತ್ತಿರುತ್ತದೆ. ದೀಪ ಆರಿದಾಕ್ಷಣ ಎಂಜಿನ್ ಪೂರ್ತಿ ಬಿಸಿಯಾಯಿತು ಎಂದಲ್ಲ, ಆಯಿಲ್ ಇನ್ನೂ ಹಿಂದೆ ಇರುತ್ತದೆ.

ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲ. ಒಂದಷ್ಟು ಪೆಟ್ರೋಲ್ ಹನಿಗಳಾಗಿಯೇ ಸಿಲಿಂಡರಿನ ಗೋಡೆಗೆ ಅಂಟುತ್ತದೆ. ಎಂಜಿನ್ ನಿಂತುಹೋಗಬಾರದೆಂದು ಅದನ್ನು ನಡೆಸುವ ಕಂಪ್ಯೂಟರ್ ಈ ಹೊತ್ತಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಇಂಧನ ಬಿಡುತ್ತದೆ. ಹಾಗಾಗಿ ಮೊದಲ ಕಿಲೋಮೀಟರಿನ ಮೈಲೇಜ್ ಆಮೇಲಿನ ಕಿಲೋಮೀಟರುಗಳಿಗಿಂತ ಬಹಳ ಕಡಿಮೆ. ಗೋಡೆಗೆ ಅಂಟಿದ ಪೆಟ್ರೋಲಿನಲ್ಲಿ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ.

ಇದರ ಜೊತೆಗೆ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಎಂಜಿನ್ ಬಿಸಿಯಿದ್ದರೆ ಅದು ಸೈಲೆನ್ಸರಿನಿಂದ ಕಣ್ಣಿಗೆ ಕಾಣದೆ ಹೊರಟುಹೋಗುತ್ತದೆ. ತಣ್ಣಗಿದ್ದರೆ ಸೈಲೆನ್ಸರಿನಲ್ಲೇ ನೀರಾಗಿ ಉಳಿಯುತ್ತದೆ, ಸ್ವಲ್ಪ ಆಯಿಲ್‌ಗೂ ಸೇರುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನ ತುದಿಯಿಂದ ಹನಿ ತೊಟ್ಟಿಕ್ಕುವುದು ಇದೇ. ದೂರದ ಪ್ರಯಾಣವೊಂದು ಆದರೆ ಆಯಿಲ್ ಬಿಸಿಯಾಗಿ ಈ ನೀರೂ ಪೆಟ್ರೋಲೂ ಆವಿಯಾಗಿ ಹೋಗುತ್ತವೆ. ತಿಂಗಳುಗಟ್ಟಲೆ ನಾಲ್ಕು ನಾಲ್ಕು ಕಿಲೋಮೀಟರ್ ಮಾತ್ರ ಓಡಿದ ಕಾರಿನಲ್ಲಿ ಹೋಗುವುದಿಲ್ಲ. ಅಂಥ ಕಾರಿನ ಆಯಿಲ್ ತುಂಬುವ ಮುಚ್ಚಳವನ್ನು ತೆರೆದು ನೋಡಿದರೆ ಒಳಬದಿಯಲ್ಲಿ ಮಜ್ಜಿಗೆ ಬಣ್ಣದ ಜಿಡ್ಡು ಅಂಟಿರುವುದುಂಟು.

ಚಿಕ್ಕ ಓಡಾಟ ಮೂರು ಬಗೆಯ ಕಾರಿಗೂ ಒಗ್ಗುವುದಿಲ್ಲ. ಆದರೆ ಮೂರಕ್ಕೂ ಆಗುವ ತೊಂದರೆ ಒಂದೇ ಸಮನಾಗಿಲ್ಲ. ಪೆಟ್ರೋಲ್ ಕಾರು ಮೈಲೇಜ್ ಕಳೆದುಕೊಳ್ಳುತ್ತದೆ, ಆಯಿಲ್ ಬೇಗ ಕೆಡುತ್ತದೆ, ಅಷ್ಟಕ್ಕೆ ಮುಗಿಯಿತು. ಡೀಸೆಲ್ ಕಾರಿನ ಕಥೆ ಬೇರೆ.

ಡೀಸೆಲ್: ಹಳೆಯ ನಂಬಿಕೆ, ಹೊಸ ಫಿಲ್ಟರು

"ಡೀಸೆಲ್ ಗಾಡಿ ಉಳಿತಾಯ" ಎಂಬ ಮಾತು ನಮ್ಮಲ್ಲಿ ಬೇರೂರಿದ್ದಕ್ಕೆ ಕಾರಣವಿದೆ. 2012ರ ಮೇ ತಿಂಗಳ ಕೊನೆಯಲ್ಲಿ ದಿಲ್ಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ಇದ್ದರೆ ಡೀಸೆಲ್ ಸುಮಾರು 41 ರೂಪಾಯಿ. ಅಷ್ಟು ಅಂತರವಿದ್ದಾಗ ಕಾರಿಗೆ ಲಕ್ಷ ರೂಪಾಯಿ ಹೆಚ್ಚು ಕೊಟ್ಟರೂ ಬೇಗ ವಾಪಸು ಬರುತ್ತಿತ್ತು. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ನಿಯಂತ್ರಣವನ್ನು ತೆಗೆಯಿತು. ಇವತ್ತು ಅಂತರ ಹತ್ತು ಹನ್ನೆರಡು ರೂಪಾಯಿಗೆ ಇಳಿದಿದೆ, ನಂಬಿಕೆ ಮಾತ್ರ ಹಾಗೆಯೇ ಉಳಿದಿದೆ.

ಎರಡನೆಯ ಬದಲಾವಣೆ 2020ರ ಏಪ್ರಿಲ್ 1ರಂದು ಬಂತು. ಅಂದಿನಿಂದ ದೇಶದಲ್ಲಿ ಮಾರುವ ಹೊಸ ಕಾರುಗಳೆಲ್ಲ ಬಿಎಸ್-6 ನಿಯಮ ಪಾಲಿಸಬೇಕಾಯಿತು. ಡೀಸೆಲ್ ಹೊಗೆಯ ಕರಿಯನ್ನು ಗಾಳಿಗೆ ಬಿಡದಂತೆ ಹಿಡಿದಿಡಲು ಸೈಲೆನ್ಸರಿನ ದಾರಿಯಲ್ಲಿ ಒಂದು ಫಿಲ್ಟರ್ ಕೂರಿಸಿದರು. ಮೆಕ್ಯಾನಿಕ್‌ಗಳು ಅದನ್ನು ಡಿಪಿಎಫ್ ಎನ್ನುತ್ತಾರೆ. ಸಣ್ಣ ಕಾರಿಗೆ ಈ ವ್ಯವಸ್ಥೆ ದುಬಾರಿಯಾದ್ದರಿಂದ ಮಾರುತಿ ಸುಜುಕಿ ಆಗಲೇ ಡೀಸೆಲ್ ಕಾರು ಮಾಡುವುದನ್ನು ನಿಲ್ಲಿಸಿತು. ಈಗ ಡೀಸೆಲ್ ಎಂಜಿನ್ ಸಿಗುವುದು ಹೆಚ್ಚಾಗಿ ಎಸ್‌ಯುವಿಗಳಲ್ಲಿ.

ಫಿಲ್ಟರ್ ಎಂದ ಮೇಲೆ ಒಂದು ದಿನ ತುಂಬಲೇಬೇಕು. ಈ ಫಿಲ್ಟರನ್ನು ಬಿಚ್ಚಿ ತೊಳೆಯುವುದಿಲ್ಲ. ಕಾರು ಓಡುತ್ತಿರುವಾಗಲೇ ಅದರೊಳಗಿನ ಕರಿಯನ್ನು ಸುಟ್ಟು ಬೂದಿ ಮಾಡುವ ಏರ್ಪಾಡು ಎಂಜಿನ್‌ನಲ್ಲಿದೆ, ಅದಕ್ಕೆ ರೀಜನರೇಶನ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬಹಳ ದೂರ ಹೋದರೆ ಹೊಗೆಯ ಬಿಸಿಗೇ ಕರಿ ನಿಧಾನವಾಗಿ ಉರಿದುಹೋಗುತ್ತದೆ. ಊರೊಳಗಿನ ಓಡಾಟದಲ್ಲಿ ಆ ಬಿಸಿ ಬರುವುದಿಲ್ಲ. ಆಗ ಕಂಪ್ಯೂಟರ್ ಕೆಲವು ನೂರು ಕಿಲೋಮೀಟರಿಗೊಮ್ಮೆ ತಾನಾಗಿ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರಿನ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಕರಿ ಪೂರ್ತಿ ಸುಡಲು ಹತ್ತರಿಂದ ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತೂ ಕಾರು ಓಡುತ್ತಿರಬೇಕು.

ನಾಲ್ಕು ಕಿಲೋಮೀಟರಿನ ಸವಾರಿಯಲ್ಲಿ ಆ ಹೊತ್ತು ಸಿಗುವುದಿಲ್ಲ. ಮೊದಲು ಎಂಜಿನ್ ಬಿಸಿಯಾಗಬೇಕು, ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ನಿಧಾನವಾಗಿ ಬಿಸಿಯಾಗುತ್ತದೆ. ಸುಡುವ ಕೆಲಸ ಶುರುವಾಗುವ ಹೊತ್ತಿಗೆ ಕಚೇರಿಯ ಗೇಟು ಬಂದಿರುತ್ತದೆ. ಮರುದಿನ ಮತ್ತೆ ಮೊದಲಿನಿಂದ. ಹೀಗೆ ಅರ್ಧಕ್ಕೆ ನಿಂತ ಪ್ರತಿಸಲವೂ ಹೆಚ್ಚುವರಿಯಾಗಿ ಬಿಟ್ಟ ಡೀಸೆಲ್‌ನಲ್ಲಿ ಒಂದಷ್ಟು ಆಯಿಲ್‌ಗೆ ಇಳಿಯುತ್ತದೆ.

ನನ್ನ ಪರಿಚಯದ ದಂಪತಿ ಇಂಥದೇ ಒಂದು ಡೀಸೆಲ್ ಎಸ್‌ಯುವಿ ಕೊಂಡು ಶಾಲೆ, ಕಚೇರಿ, ಮಾರುಕಟ್ಟೆಗೆ ಮಾತ್ರ ಓಡಿಸುತ್ತಿದ್ದರು. ಅವರು ಮೊದಲು ಗಮನಿಸಿದ್ದು ದೊಡ್ಡದೇನಲ್ಲ. ಕೆಲವು ದಿನ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಎಂದಿಗಿಂತ ತುಸು ಜೋರಾಗಿ ಓಡುತ್ತಿತ್ತು. ಕಾರು ನಿಲ್ಲಿಸಿ ಕೀ ತೆಗೆದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಏನೋ ಕಾದ ವಾಸನೆ ಬರುತ್ತಿತ್ತು, ಆ ವಾರ ಮೈಲೇಜ್ ಇಳಿದಿತ್ತು. ಇವೆಲ್ಲ ಫಿಲ್ಟರ್ ಸುಡುವ ಕೆಲಸ ನಡುವೆ ನಿಂತುಹೋಯಿತು ಎಂಬುದರ ಗುರುತು. ಅವರಿಗೆ ಯಾರೂ ಇದನ್ನು ಹೇಳಿರಲಿಲ್ಲ. ಕೆಲವು ತಿಂಗಳ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಚುಕ್ಕಿಗಳಿರುವ ಡಬ್ಬಿಯಂಥ ಹಳದಿ ದೀಪ ಹೊತ್ತಿತು. ಅದನ್ನು ಕಂಡೂ ಹಾಗೆಯೇ ಓಡಿಸಿದರು. ಮುಂದೆ ಎಂಜಿನ್ ದೀಪವೂ ಹೊತ್ತಿ, ಗಾಡಿ ಎಷ್ಟು ಒತ್ತಿದರೂ ವೇಗ ಹಿಡಿಯಲಿಲ್ಲ. ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಂಡಿತ್ತು. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ಬಲವಂತವಾಗಿ ಫಿಲ್ಟರ್ ಸುಡಿಸಬೇಕಾಯಿತು, ಆಯಿಲನ್ನೂ ಬದಲಿಸಬೇಕಾಯಿತು. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ, ಮಟ್ಟ ಏರಿದ್ದರೆ ಅದಕ್ಕೆ ಡೀಸೆಲ್ ಬೆರೆತಿದೆ ಎಂದೇ ಅರ್ಥ. ತೆಳುವಾದ ಆಯಿಲ್‌ನಲ್ಲಿ ಓಡಿದ ಎಂಜಿನ್ ಬೇಗ ಸವೆಯುತ್ತದೆ.

ಈಗಾಗಲೇ ಡೀಸೆಲ್ ಕಾರು ಇದ್ದವರು ಹೆದರಬೇಕಾಗಿಲ್ಲ. ಹಳದಿ ದೀಪ ಕಂಡ ದಿನವೇ, ಆ ವಾರದ ಕೊನೆಗೆ ಎಂದು ಮುಂದೂಡದೆ, ದಟ್ಟಣೆ ಇಲ್ಲದ ರಸ್ತೆಗೆ ಹೋಗಿ ಗಂಟೆಗೆ ಅರವತ್ತು ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಒಂದು ಗೇರ್ ಕೆಳಗಿಟ್ಟು, ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿದರೆ ಬಹುತೇಕ ಸಲ ದೀಪ ಆರುತ್ತದೆ. ಬೆಂಗಳೂರಿನವರಿಗೆ ನೈಸ್ ರಸ್ತೆ ಈ ಕೆಲಸಕ್ಕೆ ಸರಿಹೋಗುತ್ತದೆ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಊರಾಚೆ ಹೋಗುವ ರೂಢಿ ಇದ್ದವರಿಗೆ ಈ ತೊಂದರೆಯೇ ಬರಲಿಕ್ಕಿಲ್ಲ. ಆದರೆ ಓಡಾಟವೆಲ್ಲ ಬಡಾವಣೆಯೊಳಗೇ ಎನ್ನುವವರು ಹೊಸದಾಗಿ ಡೀಸೆಲ್ ಕೊಳ್ಳುವುದು ಬೇಡ. ಕಾರಿನ ಆರೋಗ್ಯಕ್ಕೆಂದು ಡೀಸೆಲ್ ಸುಟ್ಟುಕೊಂಡು ಹೆದ್ದಾರಿ ಸುತ್ತಿಬರುವುದಾದರೆ ಉಳಿತಾಯ ಎಲ್ಲಿಂದ ಬರಬೇಕು?

ಸಿಎನ್‌ಜಿ: ಗ್ಯಾಸ್ ಕಾರು ಪೆಟ್ರೋಲಿನಲ್ಲಿ ಹೊರಡುತ್ತದೆ

ಸಿಎನ್‌ಜಿ ಎಂದರೆ ಮುಖ್ಯವಾಗಿ ಮೀಥೇನ್ ಅನಿಲ. ಬೆಂಗಳೂರಿಗೆ ಇದು ಬರುವುದು 2013ರಲ್ಲಿ ಉದ್ಘಾಟನೆಯಾದ ದಾಭೋಲ್–ಬೆಂಗಳೂರು ಪೈಪ್‌ಲೈನಿನಿಂದ, ಮಂಗಳೂರಿಗೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಪೈಪ್‌ಲೈನಿನಿಂದ. ಕಾರಿನ ಸಿಲಿಂಡರಿನಲ್ಲಿ ಅದನ್ನು ಸುಮಾರು 200 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರು ಪಟ್ಟಿನಲ್ಲಿ ಅದುಮಿ ತುಂಬುತ್ತಾರೆ.

ಇಷ್ಟು ಒತ್ತಡದ ಅನಿಲವನ್ನು ನೇರವಾಗಿ ಎಂಜಿನ್‌ಗೆ ಬಿಡಲಾಗದು. ನಡುವೆ ರೆಡ್ಯೂಸರ್ ಎಂಬ ಸಾಧನವೊಂದು ಒತ್ತಡವನ್ನು ಕೆಲವೇ ಬಾರ್‌ಗೆ ಇಳಿಸುತ್ತದೆ. ಒತ್ತಡ ಹಠಾತ್ತನೆ ಇಳಿದಾಗ ಅನಿಲ ತೀರಾ ತಣ್ಣಗಾಗುತ್ತದೆ. ರೆಡ್ಯೂಸರ್ ಹೆಪ್ಪುಗಟ್ಟದಿರಲೆಂದು ಎಂಜಿನ್ನಿನ ಬಿಸಿ ಕೂಲೆಂಟನ್ನೇ ಅದರ ಸುತ್ತ ಹರಿಸುತ್ತಾರೆ. ಎಂಜಿನ್ನೇ ತಣ್ಣಗಿದ್ದರೆ ಆ ಬಿಸಿ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಬಹಳಷ್ಟು ಸಿಎನ್‌ಜಿ ಕಾರುಗಳು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಸ್ವಲ್ಪ ಬಿಸಿಯಾದ ಮೇಲೆ ತಾವಾಗಿ ಗ್ಯಾಸಿಗೆ ಬದಲಾಗುತ್ತವೆ. ಟಾಟಾದ ಐಸಿಎನ್‌ಜಿ ಕಾರುಗಳು ಮೊದಲಿನಿಂದಲೇ ಗ್ಯಾಸಿನಲ್ಲಿ ಸ್ಟಾರ್ಟ್ ಆಗುವಂತೆ ರೂಪಿಸಿದವು. ಉಳಿದವುಗಳಲ್ಲಿ ಎಷ್ಟು ದೂರಕ್ಕೆ ಬದಲಾಗುತ್ತದೆ ಎಂಬುದು ಹವೆ, ಕಾರು, ದಟ್ಟಣೆಯ ಮೇಲೆ ನಿಂತಿದೆ. ಬೆಂಗಳೂರಿನ ಹವೆಯಲ್ಲಿ ಅರ್ಧದಿಂದ ಒಂದು ಕಿಲೋಮೀಟರ್ ಎಂದುಕೊಳ್ಳಬಹುದು.

ಅದನ್ನು 800 ಮೀಟರ್ ಎಂದು ಹಿಡಿದರೆ, ಇಪ್ಪತ್ತು ಕಿಲೋಮೀಟರ್ ಹೋಗುವವರಿಗೆ ಅದು ಲೆಕ್ಕಕ್ಕೇ ಇಲ್ಲ. ನಾಲ್ಕು ಕಿಲೋಮೀಟರ್ ಹೋಗುವವರ ದಾರಿಯಲ್ಲಿ ಅದು ಐದನೇ ಒಂದು ಭಾಗ. ಅದೂ ಎಂಜಿನ್ ಅತಿ ಹೆಚ್ಚು ಇಂಧನ ಕುಡಿಯುವ ಭಾಗ. ಶೋರೂಮಿನ ಲೆಕ್ಕದಲ್ಲಿ ಇದು ಸೇರಿರುವುದಿಲ್ಲ.

ವಿಜಯನಗರದಿಂದ ರಾಜಾಜಿನಗರಕ್ಕೆ: ಒಂದು ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ಮನೆ, ರಾಜಾಜಿನಗರದಲ್ಲಿ ಕೆಲಸ ಇರುವ ಒಬ್ಬರನ್ನು ಊಹಿಸಿಕೊಳ್ಳೋಣ. ಸರಾಸರಿ ನಾಲ್ಕು ಕಿಲೋಮೀಟರಿನ ಓಡಾಟಗಳು, ಎಲ್ಲ ಸೇರಿ ವರ್ಷಕ್ಕೆ 5,000 ಕಿಲೋಮೀಟರ್. ಊರಿಗೆ ಹೋಗುವುದು ಬಸ್ಸಿನಲ್ಲೋ ರೈಲಿನಲ್ಲೋ. ಕೊಳ್ಳಲಿರುವುದು ಒಂದು ಲೀಟರ್ ಆಸುಪಾಸಿನ ಎಂಜಿನ್ ಇರುವ ಸಣ್ಣ ಕಾರು. ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಸಿಎನ್‌ಜಿ ಕೆಜಿಗೆ 89 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಊರಿನ ಇವತ್ತಿನ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಮೈಲೇಜ್‌ಗೆ ಕಂಪನಿ ಹೇಳುವ ಅಂಕಿಯನ್ನು ಹಿಡಿಯುವುದು ಬೇಡ. ಆ ಅಂಕಿ ಪ್ರಯೋಗಾಲಯದಲ್ಲಿ, ಎಸಿ ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದ ನಿಗದಿತ ಓಟದಲ್ಲಿ ಬಂದದ್ದು. ಮಾಗಡಿ ರಸ್ತೆಯ ಸಂಜೆ ಅದರಲ್ಲಿಲ್ಲ. ನಮ್ಮ ಲೆಕ್ಕಕ್ಕೆ ಹೀಗಿರಲಿ: ತಣ್ಣನೆಯ ಮೊದಲ ಭಾಗದಲ್ಲಿ ಲೀಟರ್ ಪೆಟ್ರೋಲಿಗೆ 9 ಕಿಲೋಮೀಟರ್, ಆಮೇಲೆ 14. ಅದೇ ಕಾರಿನ ಸಿಎನ್‌ಜಿ ಮಾದರಿ ಗ್ಯಾಸಿಗೆ ಬದಲಾದ ಮೇಲೆ ಕೆಜಿಗೆ 19. ಒಂದು ಕೆಜಿ ಸಿಎನ್‌ಜಿಯಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುವುದರಿಂದ ಈ ಅಂಕಿ ದೊಡ್ಡದಾಗಿ ಕಾಣುತ್ತದೆ.

ಪೆಟ್ರೋಲ್ ಕಾರಿಗೆ ತಣ್ಣನೆಯ 1,000 ಕಿಲೋಮೀಟರಿಗೆ 111 ಲೀಟರ್, ಉಳಿದ 4,000ಕ್ಕೆ 286 ಲೀಟರ್. ವರ್ಷದ ಖರ್ಚು ಸುಮಾರು 40,900 ರೂಪಾಯಿ.

ಸಿಎನ್‌ಜಿ ಕಾರಿಗೂ ಮೊದಲ 1,000 ಕಿಲೋಮೀಟರಿನ 111 ಲೀಟರ್ ಪೆಟ್ರೋಲ್ ತಪ್ಪಿದ್ದಲ್ಲ, ಅದು 11,400 ರೂಪಾಯಿ. ಉಳಿದ 4,000 ಕಿಲೋಮೀಟರಿಗೆ 210 ಕೆಜಿ ಗ್ಯಾಸ್, 18,700 ರೂಪಾಯಿಗೆ ತುಸು ಹೆಚ್ಚು. ಒಟ್ಟು ಸುಮಾರು 30,200 ರೂಪಾಯಿ.

ವರ್ಷದ ಉಳಿತಾಯ ಸುಮಾರು 10,700 ರೂಪಾಯಿ. ಅರ್ಧ ಉಳಿಯುತ್ತದೆ ಎಂದಿದ್ದರಲ್ಲ, ಉಳಿದದ್ದು ಕಾಲು ಭಾಗ.

ಇನ್ನು ಇದಕ್ಕೆ ಕೊಡುವ ಬೆಲೆ. ಸಣ್ಣ ಕಾರಿನ ಸಿಎನ್‌ಜಿ ಮಾದರಿಗೆ ಅದೇ ಪೆಟ್ರೋಲ್ ಮಾದರಿಗಿಂತ ತೊಂಬತ್ತು ತೊಂಬತ್ತೈದು ಸಾವಿರ ಹೆಚ್ಚು. ಆ ಹೆಚ್ಚಿನ ಹಣದ ಮೇಲೂ ರಸ್ತೆ ತೆರಿಗೆ, ವಿಮೆ ಬೀಳುತ್ತದೆ. ಆನ್-ರೋಡ್ ಬೆಲೆಯಲ್ಲಿ ಅಂತರ 1,10,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 10,700ರಂತೆ ಅದು ವಾಪಸು ಬರಲು ಹತ್ತು ವರ್ಷ ದಾಟುತ್ತದೆ. ಅದೇ ಹಣವನ್ನು ಶೇ. 6.5ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ ವರ್ಷಕ್ಕೆ 7,150 ರೂಪಾಯಿ ಬರುತ್ತಿತ್ತು. ಅದನ್ನು ಕಳೆದರೆ ಉಳಿತಾಯವೆಂದು ಕೈಗೆ ಸಿಗುವುದು ತಿಂಗಳಿಗೆ ಮುನ್ನೂರು ರೂಪಾಯಿ. ಕಾರನ್ನು ಮಾರುವಾಗ ಸಿಎನ್‌ಜಿ ಮಾದರಿಗೆ ಸ್ವಲ್ಪ ಹೆಚ್ಚು ಬೆಲೆ ಬರಬಹುದು ಎಂಬುದು ನಿಜ. ಆದರೂ ಆ ಮುನ್ನೂರು ರೂಪಾಯಿಗಾಗಿ ಡಿಕ್ಕಿಯ ಜಾಗ, ಸ್ವಲ್ಪ ಪಿಕಪ್, ಬಂಕಿನಲ್ಲಿ ಕಾಯುವ ಹೊತ್ತು ಇವಿಷ್ಟನ್ನೂ ಬಿಟ್ಟುಕೊಟ್ಟಂತಾಯಿತು.

ಡೀಸೆಲನ್ನೂ ಇದೇ ತಕ್ಕಡಿಗೆ ಹಾಕಿ ನೋಡಬಹುದು. ಲೀಟರಿಗೆ 91 ರೂಪಾಯಿ, ತಣ್ಣಗಿದ್ದಾಗ 10, ಬಿಸಿಯಾದ ಮೇಲೆ 16 ಕಿಲೋಮೀಟರ್ ಎಂದರೆ ವರ್ಷಕ್ಕೆ 31,850 ರೂಪಾಯಿ. ಪೆಟ್ರೋಲಿಗಿಂತ ಒಂಬತ್ತು ಸಾವಿರ ಉಳಿಯುತ್ತದೆ. ಡೀಸೆಲ್ ಮಾದರಿಗೆ ಸಿಎನ್‌ಜಿಗಿಂತಲೂ ಹೆಚ್ಚು ಬೆಲೆ. ಫಿಲ್ಟರಿನ ಒಂದು ದೊಡ್ಡ ಕೆಲಸ ಬಂದರೆ ಕೆಲವು ವರ್ಷಗಳ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಲೆಕ್ಕ ಎಲ್ಲಿ ತಿರುಗುತ್ತದೆ

ಈಗ ಅದೇ ಕಾರುಗಳನ್ನು ಬೇರೊಬ್ಬರ ಕೈಗೆ ಕೊಡೋಣ. ಇವರ ಮನೆ ಕೆಂಗೇರಿ, ಕೆಲಸ ನಗರದ ಇನ್ನೊಂದು ತುದಿಯಲ್ಲಿ, ಒಂದು ಕಡೆಗೆ ಇಪ್ಪತ್ತು ಕಿಲೋಮೀಟರ್, ವರ್ಷಕ್ಕೆ 12,000 ಕಿಲೋಮೀಟರ್. ಇವರಿಗೂ ಹೊರಡುವಾಗಿನ ಪೆಟ್ರೋಲ್ ಓಟ 800 ಮೀಟರೇ. ಆದರೆ ಅದು ಇಡೀ ದಾರಿಯಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ. ಪೆಟ್ರೋಲ್ ಕಾರಾದರೆ ವರ್ಷಕ್ಕೆ ಸುಮಾರು 90,200 ರೂಪಾಯಿ, ಸಿಎನ್‌ಜಿಯಾದರೆ 59,400. ಉಳಿತಾಯ ಮೂವತ್ತು ಸಾವಿರ ದಾಟಿತು, ಹೆಚ್ಚು ಕೊಟ್ಟ ಹಣ ಮೂರೂವರೆ ವರ್ಷದಲ್ಲಿ ವಾಪಸು. ಇವರು ಸಿಎನ್‌ಜಿ ಕೊಳ್ಳುವುದೇ ಜಾಣತನ.

ಇವರಿಬ್ಬರ ನಡುವೆ ಗೆರೆ ಎಲ್ಲಿ ಎಳೆಯಬೇಕು? ಎಂಜಿನ್ ಬಿಸಿಯಾದ ಮೇಲೆ ಈ ದರದಲ್ಲಿ ಸಿಎನ್‌ಜಿಯಿಂದ ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 70 ಪೈಸೆ. ಹೆಚ್ಚು ಕೊಟ್ಟ ಹಣ ಐದು ವರ್ಷದಲ್ಲಿ ವಾಪಸು ಬರಬೇಕೆಂದರೆ ವರ್ಷಕ್ಕೆ 22,000 ರೂಪಾಯಿ ಉಳಿಯಬೇಕು. ಅದಕ್ಕೆ ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರಾದರೂ ಓಡಬೇಕು. ದಿನದ ಮಾತಿನಲ್ಲಿ ಹೇಳುವುದಾದರೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್, ಅದೂ ಒಂದೊಂದು ಓಡಾಟ ಎಂಟು ಹತ್ತು ಕಿಲೋಮೀಟರಿಗೆ ಕಡಿಮೆ ಇಲ್ಲದಂತೆ. ಇದರ ಕೆಳಗಿರುವವರಿಗೆ ಪೆಟ್ರೋಲ್ ಒಳ್ಳೆಯದು. ಪೆಟ್ರೋಲ್ ಮತ್ತು ಗ್ಯಾಸಿನ ದರದ ಅಂತರ ಹಿಗ್ಗಿದರೆ ಗೆರೆ ಕೆಳಗಿಳಿಯುತ್ತದೆ, ಕುಗ್ಗಿದರೆ ಮೇಲೇರುತ್ತದೆ.

ಗೆರೆಯ ಆಸುಪಾಸಿನಲ್ಲಿ ಇರುವವರು ಬಂಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರವತ್ತು ಲೀಟರಿನ ಸಿಲಿಂಡರಿಗೆ ಪೂರ್ತಿ ಒತ್ತಡದಲ್ಲಿ ಎಂಟು ಕೆಜಿಯಷ್ಟು ಗ್ಯಾಸ್ ಹಿಡಿಯುತ್ತದೆ, ನಗರದಲ್ಲಿ ಅದು ಸುಮಾರು ನೂರೈವತ್ತು ಕಿಲೋಮೀಟರಿಗೆ ಬರುತ್ತದೆ. ಜನ ಸಾಲುಗಟ್ಟುವ ಹೊತ್ತಿನಲ್ಲಿ ಬಂಕಿನ ಒತ್ತಡ ಇಳಿದಿದ್ದರೆ ಐದಾರು ಕೆಜಿಗೇ ನಿಲ್ಲುತ್ತದೆ. ಎಲ್ಲ ಬಂಕಿಗೂ ಪೈಪಿನಲ್ಲಿ ಗ್ಯಾಸ್ ಬರುವುದಿಲ್ಲ, ಕೆಲವಕ್ಕೆ ಲಾರಿಯಲ್ಲಿ ಸಿಲಿಂಡರುಗಳನ್ನು ತಂದು ತುಂಬುತ್ತಾರೆ. ಅಂಥ ಕಡೆ ಲಾರಿ ಖಾಲಿಯಾಗುತ್ತ ಬಂದಂತೆ ಒತ್ತಡವೂ ಇಳಿಯುತ್ತದೆ. ಕಾರು ಕೊಳ್ಳುವ ಮುಂಚೆ ನಿಮ್ಮ ದಿನನಿತ್ಯದ ದಾರಿಯಲ್ಲಿರುವ ಬಂಕಿಗೆ, ನೀವು ಗ್ಯಾಸ್ ಹಾಕಿಸುವ ಹೊತ್ತಿಗೇ ಒಮ್ಮೆ ಹೋಗಿ ಸಾಲಿನಲ್ಲಿರುವ ಆಟೋದವರನ್ನು ಕೇಳಿ. ಎಷ್ಟು ಹೊತ್ತು ಕಾಯಬೇಕು, ಎಷ್ಟು ಕೆಜಿ ಹಿಡಿಯುತ್ತದೆ ಎಂಬುದನ್ನು ಅವರಷ್ಟು ಸರಿಯಾಗಿ ಇನ್ನಾರೂ ಹೇಳಲಾರರು. ಬಂಕ್ ದಾರಿಯಲ್ಲಿರದೆ ಐದು ಕಿಲೋಮೀಟರ್ ಆಚೆ ಇದ್ದರೆ, ಗ್ಯಾಸ್ ತರಲೆಂದೇ ಪ್ರತಿಸಲ ಹತ್ತು ಕಿಲೋಮೀಟರ್ ಓಡಿಸಬೇಕಾಗುತ್ತದೆ.

ಸಿಎನ್‌ಜಿ ಕೊಂಡವರು ಮರೆಯಬಾರದ ಕೆಲಸ ಇನ್ನೊಂದಿದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರನ್ನು ಹೈಡ್ರೋ ಟೆಸ್ಟ್ ಮಾಡಿಸುವುದು ಕಡ್ಡಾಯ. ನೀರು ತುಂಬಿ ಹೆಚ್ಚಿನ ಒತ್ತಡ ಕೊಟ್ಟು ಸಿಲಿಂಡರ್ ಗಟ್ಟಿಯಾಗಿದೆಯೇ ಎಂದು ನೋಡುವ ಪರೀಕ್ಷೆ ಇದು. ಹಳೆಯ ಸಿಎನ್‌ಜಿ ಕಾರು ಕೊಳ್ಳುವವರು ಮೊದಲು ಈ ಪರೀಕ್ಷೆಯ ದಿನಾಂಕವನ್ನೇ ಕೇಳಬೇಕು.

ಪೆಟ್ರೋಲ್ ಕೊಂಡ ಮೇಲೆ

ಚಿಕ್ಕ ಓಡಾಟಕ್ಕೆ ಪೆಟ್ರೋಲ್ ಸರಿ ಎಂದಾದ ಮೇಲೆ ಯಾವ ಪೆಟ್ರೋಲ್ ಎಂಜಿನ್ ಎಂಬ ಪ್ರಶ್ನೆಯೂ ಇದೆ. ಟರ್ಬೊ ಇಲ್ಲದ ಸಾದಾ ಎಂಜಿನ್ ಇಂಥ ಓಡಾಟಕ್ಕೆ ಹೆಚ್ಚು ಹೊಂದುತ್ತದೆ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಟರ್ಬೊ ಎಂಜಿನ್‌ಗಳು ಹೆದ್ದಾರಿಯಲ್ಲಿ ಚುರುಕು. ಆದರೆ ತಣ್ಣಗಿದ್ದಾಗ ಅವುಗಳಲ್ಲಿ ಪೆಟ್ರೋಲ್ ಗೋಡೆಗೆ ಅಂಟಿ ಆಯಿಲ್‌ಗೆ ಸೇರುವ ಸಂಭವ ಹೆಚ್ಚು. ನಾಲ್ಕು ಕಿಲೋಮೀಟರಿನ ದಾರಿಯಲ್ಲಿ ಆ ಚುರುಕಿಗೆ ಕೆಲಸವೂ ಇಲ್ಲ.

ಆಯಿಲ್ ಬದಲಿಸುವಾಗ ಕಿಲೋಮೀಟರ್ ನೋಡಬೇಡಿ, ತಿಂಗಳು ನೋಡಿ. ಸರ್ವಿಸ್ ಪುಸ್ತಕದಲ್ಲಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುವುದು ಸಾಮಾನ್ಯ. ವರ್ಷಕ್ಕೆ ಐದು ಸಾವಿರ ಓಡಿಸುವವರು "ಇನ್ನೂ ಅರ್ಧವೂ ಆಗಿಲ್ಲ" ಎಂದು ಎರಡು ವರ್ಷ ತಳ್ಳುತ್ತಾರೆ. ಆಯಿಲ್‌ಗೆ ಪೆಟ್ರೋಲೂ ನೀರೂ ಹೆಚ್ಚಾಗಿ ಸೇರುವುದು ಇವರ ಕಾರಿನಲ್ಲೇ. ಅದೇ ಪುಸ್ತಕದಲ್ಲಿ ಕಠಿಣ ಬಳಕೆ ಎಂಬ ಪಟ್ಟಿ ಇರುತ್ತದೆ, ಪದೇ ಪದೇ ಚಿಕ್ಕ ದೂರ ಓಡಿಸುವುದನ್ನು ಅದರಲ್ಲಿ ಸೇರಿಸಿರುತ್ತಾರೆ. ಆ ಪಟ್ಟಿಯ ಅವಧಿ ಇನ್ನೂ ಕಡಿಮೆ. ನಿಮಗೆ ಅನ್ವಯಿಸುವುದು ಅದೇ.

ಬೆಳಿಗ್ಗೆ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ನಿಂತಲ್ಲೇ ಓಡಿಸಿ ಬಿಸಿ ಮಾಡುವ ರೂಢಿ ಬೇಡ. ನಿಂತ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಅಷ್ಟು ಹೊತ್ತೂ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಎರಡು ಮೂರು ಕಿಲೋಮೀಟರ್ ಜೋರಾಗಿ ಒತ್ತದೆ ಓಡಿಸಿ. ಬ್ಯಾಟರಿಗೂ ಚಿಕ್ಕ ಓಡಾಟ ಕಷ್ಟವೇ. ಸ್ಟಾರ್ಟ್ ಮಾಡಲು ಬಳಸಿದ ಕರೆಂಟನ್ನು ವಾಪಸು ತುಂಬಿಸಿಕೊಳ್ಳಲು ಅದಕ್ಕೆ ಹೊತ್ತು ಸಿಗುವುದಿಲ್ಲ. ಎರಡು ವಾರಕ್ಕೊಮ್ಮೆ ಯಾವುದಾದರೂ ಕೆಲಸವನ್ನು ಜೋಡಿಸಿಕೊಂಡು ಮುಕ್ಕಾಲು ಗಂಟೆ ಎಡೆಬಿಡದೆ ಓಡಿಸಿದರೆ ಬ್ಯಾಟರಿ ತುಂಬುತ್ತದೆ, ಆಯಿಲ್‌ನಲ್ಲಿ ಸೇರಿದ ನೀರೂ ಹೋಗುತ್ತದೆ. ಸಾಧ್ಯವಾದಲ್ಲಿ ಎರಡು ಓಡಾಟವನ್ನು ಒಂದಾಗಿಸಿ. ಶಾಲೆಯಿಂದ ಬರುತ್ತಲೇ ತರಕಾರಿ ತಂದರೆ ಎಂಜಿನ್ ಮತ್ತೊಮ್ಮೆ ತಣ್ಣಗಿನಿಂದ ಹೊರಡುವುದು ತಪ್ಪುತ್ತದೆ.

ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವ ಅನುಕೂಲ ಇರುವವರು ವಿದ್ಯುತ್ ಕಾರನ್ನೂ ನೋಡಬೇಕು. ಅದಕ್ಕೆ ಬಿಸಿಯಾಗುವ ಎಂಜಿನ್ನೇ ಇಲ್ಲದ್ದರಿಂದ ಇಲ್ಲಿ ಹೇಳಿದ ತೊಂದರೆ ಯಾವುದೂ ತಟ್ಟುವುದಿಲ್ಲ. ಬೆಲೆಯ ಲೆಕ್ಕವನ್ನು ಮಾತ್ರ ಇದೇ ರೀತಿ ಮಾಡಿ ನೋಡಬೇಕು.

ಶೋರೂಮಿಗೆ ಹೋಗುವ ಮುಂಚೆ ಒಂದು ತಿಂಗಳು ನಿಮ್ಮ ಓಡಾಟವನ್ನು ಬರೆದಿಡಿ. ಈಗ ಇರುವುದು ಸ್ಕೂಟರೇ ಆಗಿರಲಿ, ಬಾಡಿಗೆ ಆಟೋ ಆಗಿರಲಿ, ದೂರ ಅದೇ. ದಿನಕ್ಕೆ ಎಷ್ಟು ಓಡಾಟ, ಒಂದೊಂದೂ ಎಷ್ಟು ಕಿಲೋಮೀಟರ್ ಎಂಬ ಎರಡೇ ಅಂಕಿ ಸಾಕು. ಒಟ್ಟನ್ನು ಹನ್ನೆರಡರಿಂದ ಗುಣಿಸಿದರೆ ವರ್ಷದ ಓಟ ಬಂತು. ಅದು ಒಂಬತ್ತು ಸಾವಿರದ ಒಳಗಿದ್ದು ಒಂದೊಂದು ಓಡಾಟವೂ ಐದಾರು ಕಿಲೋಮೀಟರಿನ ಒಳಗಿದ್ದರೆ ಸಾದಾ ಪೆಟ್ರೋಲ್ ಕಾರು ಕೊಳ್ಳಿ. ಒಂಬತ್ತು ಸಾವಿರ ದಾಟಿ, ಬಂಕ್ ದಾರಿಯಲ್ಲೇ ಇದ್ದರೆ ಸಿಎನ್‌ಜಿ ಕೊಳ್ಳಿ. ಡೀಸೆಲ್ ಬೇಕಾಗುವುದು ವಾರವಾರವೂ ಹೆದ್ದಾರಿ ಹಿಡಿಯುವವರಿಗೆ ಮಾತ್ರ. ಈ ಎರಡು ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಹೋದರೆ ಮಾರಾಟಗಾರ ಹೇಳುವ ಉಳಿತಾಯ ನಿಮಗೆ ಎಷ್ಟು ಸಿಗುತ್ತದೆ ಎಂಬುದನ್ನು ಅಲ್ಲೇ ನಿಂತು ನೀವೇ ಲೆಕ್ಕ ಹಾಕಬಹುದು.